ಕೊಟೇಶನ್ ಕೊಡೋಕೆ ಮುಂಚೆ ಕ್ಲೈಂಟ್ ಹತ್ರ ಕೇಳ್ಬೇಕಾಗಿರೋದು

ಪ್ರಶ್ನೆ: ಫ್ರೀಲ್ಯಾನ್ಸ್ ಆಗಿ ವೆಬ್‌ಸೈಟ್ ಮಾಡ್ತೀನಿ. ಮೊದಲ ಕಾಲ್‌ನಲ್ಲಿ ಏನ್ ಕೇಳಿದ್ರೆ ಅವ್ರಿಗೆ ಏನ್ ಬೇಕು, ಬಜೆಟ್ ಎಷ್ಟು, ಯಾರು ಓಕೆ ಮಾಡ್ತಾರೆ ಅಂತ ಗೊತ್ತಾಗುತ್ತೆ?

ಉತ್ತರ: ಮೊದ್ಲು "ಈಗ ಹೇಗೆ ನಡೀತಿದೆ, ಇಷ್ಟು ದಿನ ಇಲ್ದಿದ್ದು ಈಗ್ಯಾಕೆ ಬೇಕಾಯ್ತು" ಅಂತ ಕೇಳಿ. ಸೀರೆ ಅಂಗಡಿಯವ್ರು ಅಂದ್ಕೊಳ್ಳಿ, ಬಾಯಲ್ಲಿ ವೆಬ್‌ಸೈಟ್ ಅಂತಾರೆ, ಆದ್ರೆ ಸ್ವಲ್ಪ ಕೆದಕಿದ್ರೆ ವಾಟ್ಸಾಪಲ್ಲಿ ಫೋಟೋ ಕಳ್ಸಿ "ಈ ಕಲರ್ ಇದೆ, ಅದು ಖಾಲಿ" ಅಂತ ಹೇಳೋದ್ರಲ್ಲೇ ಒಬ್ಬ ಹುಡುಗನ ದಿನ ಪೂರ್ತಿ ಹೋಗ್ತಿದೆ ಅಂತ ಗೊತ್ತಾಗುತ್ತೆ, ಅಂದ್ರೆ ಅವ್ರಿಗೆ ನಿಜವಾಗ್ಲೂ ಬೇಕಿರೋದು ಸ್ಟಾಕ್ ತೋರ್ಸೋ ಕ್ಯಾಟಲಾಗ್, ಹೋಮ್ ಪೇಜ್ ಸ್ಲೈಡರ್ ಅಲ್ಲ.

ಬಜೆಟ್ ಎಷ್ಟು ಅಂದ್ರೆ "ನೀವೇ ಹೇಳಿ ಸಾರ್" ಅಂತಾರೆ. ಅದಕ್ಕೆ ನೀವೇ ನಿಮ್ಮ ರೇಟ್ ಪ್ರಕಾರ ಎರಡು ರೇಂಜ್ ಇಡಿ: "ಬರೀ ಕ್ಯಾಟಲಾಗ್ ಆದ್ರೆ 40ರಿಂದ 60 ಸಾವಿರ, ಆನ್‌ಲೈನ್ ಪೇಮೆಂಟ್ ಸೇರಿದ್ರೆ ಒಂದೂವರೆ ಲಕ್ಷದ ಹತ್ರ, ನಿಮ್ಮ ಮನಸ್ಸಲ್ಲಿ ಯಾವ್ದಿದೆ?" ಆಮೇಲೆ ಬಾಯಿ ಮುಚ್ಕೊಂಡು ಕಾಯಿರಿ, ಅಷ್ಟೇ.

"ನೀವೇನಾ ಡಿಸೈಡ್ ಮಾಡೋದು" ಅಂತ ಕೇಳ್ಬೇಡಿ, ಬೇಜಾರ್ ಮಾಡ್ಕೊಂಡು, ನಿಜ ಅಲ್ದಿದ್ರೂ ಹೌದು ಅಂದುಬಿಡ್ತಾರೆ. "ಬಿಲ್ಲಿಂಗ್ ಸಾಫ್ಟ್‌ವೇರ್ ತಗೊಂಡಾಗ ಯಾರ್ಯಾರು ನೋಡಿದ್ರು, ಅಡ್ವಾನ್ಸ್ ಯಾರು ಹಾಕಿದ್ರು?" ಅಂತ ಕೇಳಿ. "ಅಪ್ಪಾಜಿ ನೋಡ್ತಾರೆ" ಅಂದ್ರೆ ಅಪ್ಪಾಜಿ ಜೊತೆ ಹತ್ತು ನಿಮಿಷ ಮಾತಾಡೋವರೆಗೂ ಕೊಟೇಶನ್ ಕಳಿಸ್ಬೇಡಿ, ಇಲ್ಲಾಂದ್ರೆ ಅಪ್ಪಾಜಿ ಕೈಗೆ ಸಿಗೋದು ಬರೀ ಕೊನೆಯ ಸಾಲಿನ ಒಟ್ಟು ಮೊತ್ತ.