ಭಕೂಟಕ್ಕೆ ಅಪವಾದವಿದೆ, ನಾಡಿಗೆ ಜನನ ಸಮಯ ನೋಡಿ

"ಹುಡುಗ ಭರಣಿ, ಹುಡುಗಿ ಅನುರಾಧಾ ನಾಲ್ಕನೇ ಪಾದ. ಮದುವೆಯ ಜಾತಕ ಹೊಂದಾಣಿಕೆಯಲ್ಲಿ ನಾಡಿ, ಭಕೂಟ ಎರಡೂ ಸೊನ್ನೆ. ಅಪವಾದ ಇದೆಯೇ?"

ಮೇಷ, ವೃಶ್ಚಿಕಗಳ ನಡುವೆ ಷಷ್ಠಾಷ್ಟಕವಿದ್ದರೂ ಎರಡಕ್ಕೂ ಕುಜನೇ ಅಧಿಪತಿಯಾದ್ದರಿಂದ, ಕೊಪ್ಪಳದ ನಮ್ಮ ಕಡೆಯ ಹಿರಿಯ ಜೋಯಿಸರು ಭಕೂಟ ದೋಷವನ್ನು ಎಣಿಸುವುದಿಲ್ಲ. ಪಟ್ಟಿಯಲ್ಲಿ ಆ 7 ಗುಣ ಮಾತ್ರ ಸೊನ್ನೆಯಾಗಿಯೇ ಉಳಿಯುತ್ತದೆ. ನಾಡಿಯದು ಬೇರೆ ಮಾತು. ರಾಶಿ ಒಂದೇ ಆಗಿ ನಕ್ಷತ್ರ ಬೇರೆಯಾದರೆ, ಅಥವಾ ನಕ್ಷತ್ರ ಒಂದೇ ಆಗಿ ರಾಶಿಯೋ ಪಾದವೋ ಬೇರೆಯಾದರೆ ಅಪವಾದ ಹೇಳುತ್ತಾರೆ. ನಿಮ್ಮಲ್ಲಿ ರಾಶಿ, ನಕ್ಷತ್ರ ಎರಡೂ ಬೇರೆಯಾಗಿದ್ದು ನಾಡಿ ಮಾತ್ರ ಇಬ್ಬರಿಗೂ ಮಧ್ಯವಾದ್ದರಿಂದ ದೋಷ ನಿಲ್ಲುತ್ತದೆ. ಆದರೆ ನಾಲ್ಕನೇ ಪಾದ ಮುಗಿದೊಡನೆ ಆದಿನಾಡಿಯ ಜ್ಯೇಷ್ಠಾ ಆರಂಭವಾಗುವುದರಿಂದ, ಮನೆಯವರ ನೆನಪನ್ನಷ್ಟೇ ನಂಬದೆ, ಹೆರಿಗೆ ಆಸ್ಪತ್ರೆಯ ಚೀಟಿಯಲ್ಲಿರುವ ಗಂಟೆ, ನಿಮಿಷವನ್ನು ಆ ವರ್ಷದ ಪಂಚಾಂಗದ ಅನುರಾಧಾ ಅಂತ್ಯಕ್ಕೆ ದಯವಿಟ್ಟು ಹೋಲಿಸಿ ನೋಡಿ. ಜನನ ಅದರ ನಂತರವಾಗಿದ್ದರೆ ರಾಶಿ ವೃಶ್ಚಿಕವೇ ಉಳಿದು ನಾಡಿ ದೋಷ ಇಲ್ಲವಾಗುತ್ತದೆ.