ನಿಕಾನ್ ಎಫ್‌ಎಂ2ಎನ್ ಮಾರಾಟ: ಫೋಟೊದಲ್ಲಿ ಕಂಡಿದ್ದು, ಜಾಹೀರಾತಿನಲ್ಲಿ ಬರೆಯಬೇಕಾದ್ದು

“ಅಪ್ಪನ ಸ್ಟುಡಿಯೊ ಕ್ಯಾಮೆರಾ ಮಾರಬೇಕು. ನಾಲ್ಕು ಫೋಟೊ ಹಾಕಿದ್ದೇನೆ. ಎಫ್‌ಎಂ2 ಟೈಟಾನಿಯಂ ಅಂತ ಪರಿಚಯದವರು ಹೇಳಿದರು. ಲೆನ್ಸ್ ನಿಕ್ಕೋರ್ 50. ಕೆಲಸ ಮಾಡುತ್ತೋ ಇಲ್ಲವೋ ಗೊತ್ತಿಲ್ಲ. ಏನಂತ ಬರೆಯಲಿ, ಎಷ್ಟಕ್ಕೆ ಹಾಕಲಿ? ಊರು ಶಿರಸಿ.”

ನಿಮ್ಮ ಎರಡನೇ ಫೋಟೊದಲ್ಲೇ ಮಾಡೆಲ್ ಗೊತ್ತಾಗುತ್ತದೆ. ಶಟರ್ ಡಯಲ್ ಮೇಲೆ 250 ಅನ್ನೋ ಅಂಕಿ ಕೆಂಪಗಿದೆ ನೋಡಿ. 1982ರಲ್ಲಿ ಬಂದ ಮೊದಲ ಎಫ್‌ಎಂ2ನಲ್ಲಿ ಫ್ಲ್ಯಾಶ್ ಜೊತೆ ಬಳಸಬಹುದಾದ ಗರಿಷ್ಠ ಶಟರ್ ವೇಗ 1/200 ಸೆಕೆಂಡ್ ಇತ್ತು. 1984ರಲ್ಲಿ ಅದನ್ನು 1/250ಕ್ಕೆ ಏರಿಸಿದರು. ಹಿಂಬದಿಯ ಫೋಟೊದಲ್ಲಿ ಸೀರಿಯಲ್ ನಂಬರಿನ ಮುಂದೆ ‘ಎನ್’ ಅಕ್ಷರವೂ ಇದೆ. ಹಾಗಾಗಿ ಇದು ಎಫ್‌ಎಂ2ಎನ್. ಕ್ಯಾಮೆರಾದ ಮುಂಭಾಗದಲ್ಲಿ ಬರೀ ಎಫ್‌ಎಂ2 ಅಂತ ಬರೆದಿರುವುದರಿಂದ ಎಷ್ಟೋ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ಟೈಟಾನಿಯಂ ವಿಷಯಕ್ಕೆ ಬರೋಣ. ಮೇಲಿನ ಕಾಮೆಂಟಿನಲ್ಲಿ ಒಬ್ಬರು “ಎನ್ ಇದ್ದರೆ ಟೈಟಾನಿಯಂ ಶಟರ್, ಧೈರ್ಯವಾಗಿ ಬರೆಯಿರಿ” ಅಂದಿದ್ದಾರೆ. ಅದು ಅರ್ಧ ಮಾತ್ರ ಸರಿ. ಮೊದಲ ವರ್ಷಗಳ ಎಫ್‌ಎಂ2ಎನ್‌ಗಳಲ್ಲಿ ಟೈಟಾನಿಯಂ ಶಟರ್ ಪರದೆ ಇತ್ತು. 1980ರ ದಶಕದ ಕೊನೆಗೆ ಅದನ್ನು ಅಲ್ಯೂಮಿನಿಯಂಗೆ ಬದಲಾಯಿಸಿದರು. ಎರಡಕ್ಕೂ ನಂಬರಿನ ಮುಂದೆ ಎನ್ ಇರುತ್ತದೆ. ಹಿಂಬಾಗಿಲು ತೆಗೆದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಟೈಟಾನಿಯಂ ಪರದೆಯ ಮೇಲೆ ಜೇನುಗೂಡಿನ ಹಾಗೆ ಆರು ಮೂಲೆಯ ಅಚ್ಚು ಇರುತ್ತದೆ. ಅಲ್ಯೂಮಿನಿಯಂ ಪರದೆ ನುಣ್ಣಗಿರುತ್ತದೆ. ನಿಮ್ಮ ಫೋಟೊಗಳಲ್ಲಿ ಹಿಂಬಾಗಿಲು ಮುಚ್ಚಿದೆ, ಆದ್ದರಿಂದ ಈಗಲೇ ಯಾರೂ ಹೇಳಲು ಬರುವುದಿಲ್ಲ.

ಇನ್ನೊಂದು ತೊಂದರೆಯೂ ಇದೆ. ಎಫ್‌ಎಂ2/ಟಿ ಅಂತ ಬೇರೆಯೇ ಮಾಡೆಲ್ 1993ರಲ್ಲಿ ಬಂತು. ಅದರ ಹೊರಕವಚವೇ ಟೈಟಾನಿಯಂ. ಸಂಗ್ರಹ ಮಾಡುವವರು ಅದಕ್ಕೆ ಜಾಸ್ತಿ ದುಡ್ಡು ಕೊಡುತ್ತಾರೆ. ನೀವು ಶೀರ್ಷಿಕೆಯಲ್ಲಿ ಸುಮ್ನೆ ‘ಟೈಟಾನಿಯಂ’ ಅಂತ ಹಾಕಿದರೆ ಅವರು ಅದನ್ನೇ ಅಂದುಕೊಂಡು ಫೋನ್ ಮಾಡುತ್ತಾರೆ. ಆಮೇಲೆ ನಿಮ್ಮ ಉಳಿದ ಮಾತುಗಳನ್ನೂ ನಂಬುವುದಿಲ್ಲ. ನಿಮ್ಮದು ಕಪ್ಪು ಬಣ್ಣದ ಸಾಮಾನ್ಯ ಬಾಡಿ. ಮೂಲೆಗಳಲ್ಲಿ ಬಣ್ಣ ಸವೆದು ಒಳಗಿನ ಹಿತ್ತಾಳೆ ಕಾಣುತ್ತಿದೆ. ಅದನ್ನು ಮುಚ್ಚಿಡಬೇಡಿ. ದುಡಿದ ಕ್ಯಾಮೆರಾ ಅನ್ನೋದಕ್ಕೆ ಅದೇ ಗುರುತು, ಬೇಕು ಅನ್ನುವವರೂ ಇದ್ದಾರೆ.

ಲೆನ್ಸ್ ನಿಕ್ಕೋರ್ ಅಲ್ಲ. ನಾಲ್ಕನೇ ಫೋಟೊ ದೊಡ್ಡದು ಮಾಡಿ ಓದಿ. ಮುಂದಿನ ರಿಂಗಿನಲ್ಲಿ ‘ನಿಕಾನ್ ಲೆನ್ಸ್ ಸೀರೀಸ್ ಇ 50 ಎಂಎಂ 1:1.8’ ಅಂತಿದೆ. ಇದು ನಿಕಾನ್ ಕಡಿಮೆ ಬೆಲೆಗೆ ಮಾಡಿದ ಸಾಲು. ಚಿತ್ರ ಚೆನ್ನಾಗಿ ಬರುತ್ತದೆ, ಆದರೆ ಬೆಲೆ ಬೇರೆ.

ಈಗ ಪರೀಕ್ಷೆ. ಹಿಂಬಾಗಿಲು ತೆಗೆಯುವ ಮೊದಲು ರಿವೈಂಡ್ ಹಿಡಿಯನ್ನು ಬಾಣದ ಕಡೆಗೆ ಮೆಲ್ಲಗೆ ತಿರುಗಿಸಿ. ಬಿಗಿಯಾಗಿ ಎಳೆದ ಹಾಗೆ ಅನಿಸಿದರೆ ಒಳಗೆ ರೋಲ್ ಇದೆ. ಆಗ ತಳದ ಗುಂಡಿ ಒತ್ತಿ ಪೂರ್ತಿ ಸುತ್ತಿ, ಆಮೇಲೆ ತೆಗೆಯಿರಿ. ನಿಮ್ಮ ತಂದೆಯವರ ಕೊನೆಯ ರೋಲ್ ಇದ್ದರೂ ಇರಬಹುದು, ಬೆಳಕು ಬೀಳಿಸಬೇಡಿ.

ವೈಂಡಿಂಗ್ ಲಿವರ್ ಬಾಡಿಗೆ ಅಂಟಿಕೊಂಡಿದ್ದರೆ ಶಟರ್ ಗುಂಡಿ ಒತ್ತಲು ಬರುವುದಿಲ್ಲ. ಇದನ್ನೇ “ಕೆಟ್ಟಿದೆ” ಅಂತ ಅರ್ಧ ಬೆಲೆಗೆ ಕೊಟ್ಟವರನ್ನು ನಾನು ನೋಡಿದ್ದೇನೆ. ಲಿವರ್ ಸ್ವಲ್ಪ ಹೊರಗೆಳೆದು ಒತ್ತಿ. ಈ ಕ್ಯಾಮೆರಾದ ಶಟರ್‌ಗೆ ಬ್ಯಾಟರಿ ಬೇಡ. ಹಿಂಬಾಗಿಲು ತೆಗೆದಿಟ್ಟು 1 ಸೆಕೆಂಡಿನಿಂದ ಶುರುಮಾಡಿ ಒಂದೊಂದೇ ವೇಗದಲ್ಲಿ ಹೊಡೆಯಿರಿ. 1, 1/2, 1/4 ಕಿವಿಗೇ ಗೊತ್ತಾಗುತ್ತವೆ. ನಡುವೆ ತೊದಲಿದರೆ ಒಳಗಿನ ಎಣ್ಣೆ ಗಟ್ಟಿಯಾಗಿರಬಹುದು, ಸರ್ವಿಸ್ ಬೇಕು. ಮೇಲಿನ ವೇಗಗಳಿಗೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಚೌಕಟ್ಟು ಪೂರ್ತಿ ಮಿಂಚಬೇಕು. ಒಂದು ಬದಿ ಕಪ್ಪಾಗಿ ಉಳಿದರೆ ದೋಷ. ಆದರೆ 1/4000 ಸರಿಯಾಗಿಯೇ ಇದೆಯೋ ಅಂತ ಕಣ್ಣಿನಿಂದ ಹೇಳಲು ಆಗುವುದಿಲ್ಲ. ಅಳೆದಿಲ್ಲ ಅಂತಲೇ ಬರೆಯಿರಿ. ಪರದೆಗೆ ಬೆರಳು ತಾಗಿಸಬೇಡಿ, ಸ್ವಲ್ಪ ಬಾಗಿದರೂ ರಿಪೇರಿ ಖರ್ಚು ಕ್ಯಾಮೆರಾದ ಬೆಲೆಯನ್ನೇ ನುಂಗುತ್ತದೆ.

ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ತಳದ ಮುಚ್ಚಳ ತೆಗೆದು ಹಸಿರು ಕಿಲುಬು ಇದೆಯಾ ನೋಡಿ. ಎಲ್‌ಆರ್44 ಎರಡು ಹಾಕಿ. ಗುಂಡಿ ಅರ್ಧ ಒತ್ತಿದಾಗ ವ್ಯೂಫೈಂಡರ್ ಒಳಗೆ ಪ್ಲಸ್, ಸೊನ್ನೆ, ಮೈನಸ್ ಕೆಂಪು ದೀಪ ಹೊತ್ತಬೇಕು. ಕನ್ನಡಿಯ ಮುಂದಿನ ಫೋಮ್ ಅಂಟಂಟಾಗಿದ್ದರೆ ಅದನ್ನೂ ಬರೆಯಿರಿ. ಹಳೆಯದರಲ್ಲಿ ಅದು ಸಹಜ.

ಶಿರಸಿಯ ಮಳೆಗೆ ನಿಜವಾದ ಹೆದರಿಕೆ ಲೆನ್ಸಿನ ಫಂಗಸ್. ಲೆನ್ಸ್ ಕಳಚಿ, ಅಪರ್ಚರ್ ರಿಂಗನ್ನು 1.8ಕ್ಕೆ ತಿರುಗಿಸಿ, ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಜೇಡರ ಬಲೆಯ ಹಾಗೆ ಎಳೆಗಳು ಕಂಡರೆ ಫಂಗಸ್. ಬಿಡಿ ಬಿಡಿ ಚುಕ್ಕೆ ಇದ್ದರೆ ಧೂಳು, ಚಿಂತೆಯಿಲ್ಲ. ಆ ಟಾರ್ಚ್ ಫೋಟೊವನ್ನೇ ಜಾಹೀರಾತಿಗೆ ಹಾಕಿ. ಕೊಳ್ಳುವವರು ಕೇಳುವ ಮೊದಲ ಫೋಟೊ ಅದು. ಆಮೇಲೆ 16ಕ್ಕೆ ತಿರುಗಿಸಿ ಹಿಂದಿನ ಸಣ್ಣ ಲಿವರ್ ತಳ್ಳಿ ಬಿಡಿ. ಒಳಗಿನ ಬ್ಲೇಡುಗಳು ತಟ್ಟನೆ ಮುಚ್ಚಬೇಕು. ನಿಧಾನವಾದರೆ ಎಣ್ಣೆ ಹಿಡಿದಿದೆ.

ಬೆಲೆ. ಜಾಲತಾಣದಲ್ಲಿ ಜನ ಹಾಕಿರುವ ಬೆಲೆ ನೋಡಬೇಡಿ, ಮಾರಾಟ ಆಗಿರುವ ಬೆಲೆ ನೋಡಿ. ಎಲ್ಲ ಸರಿಯಿದ್ದರೆ ನಾನು ಕ್ಯಾಮೆರಾಗೆ 19,000, ಲೆನ್ಸಿಗೆ 3,000 ಸೇರಿಸಿ 22,000ಕ್ಕೆ ಹಾಕುತ್ತೇನೆ, 20,000ಕ್ಕೆ ಕೊಡುತ್ತೇನೆ. ಮೀಟರ್ ಸತ್ತಿದ್ದರೆ 3,000 ಇಳಿಸಿ. ಫಂಗಸ್ ಇದ್ದರೆ ಲೆನ್ಸಿಗೆ ದುಡ್ಡು ಕೇಳಬೇಡಿ. ಕೆಳಗಿನ ಕಾಮೆಂಟಿನಲ್ಲಿ ಮಂಗಳೂರಿನವರೊಬ್ಬರು 30,000 ಬರುತ್ತದೆ ಅಂದಿದ್ದಾರೆ. ಅವರು ಮಾರಿದ್ದು ಸರ್ವಿಸ್ ಮಾಡಿಸಿ, ಬಿಲ್ ಸಮೇತ, ಅಲ್ವಾ? ಸರ್ವಿಸ್ ಮಾಡಿಸಿಯೇ ಮಾರಬೇಕೋ ಹಾಗೇ ಕೊಡಬೇಕೋ ಅನ್ನೋದರಲ್ಲಿ ನಮ್ಮಿಬ್ಬರಿಗೂ ಒಮ್ಮತವಿಲ್ಲ.

ಪರೀಕ್ಷೆ ಮುಗಿದ ಮೇಲೆ ಹೀಗೆ ಬರೆಯಿರಿ. ಮಾಡೆಲ್ ಹೆಸರು ಇಂಗ್ಲಿಷಿನಲ್ಲೇ ಇರಲಿ, ಜನ ಹುಡುಕುವುದು ಹಾಗೆಯೇ.

“Nikon FM2n, ಕಪ್ಪು ಬಾಡಿ, ಸೀರೀಸ್ ಇ 50 ಎಂಎಂ 1.8 ಲೆನ್ಸ್ ಜೊತೆ. ನಮ್ಮ ತಂದೆಯವರು ಸ್ಟುಡಿಯೊದಲ್ಲಿ ಬಳಸಿದ್ದು. ಕೆಲವು ವರ್ಷಗಳಿಂದ ಬಳಸಿಲ್ಲ. ಮೂಲೆಗಳಲ್ಲಿ ಬಣ್ಣ ಸವೆದು ಹಿತ್ತಾಳೆ ಕಾಣುತ್ತದೆ, ಫೋಟೊ ನೋಡಿ. ಶಟರ್ ಎಲ್ಲ ವೇಗಗಳಲ್ಲೂ ಹೊಡೆಯುತ್ತದೆ, ಆದರೆ ಯಂತ್ರದಲ್ಲಿ ಅಳೆಸಿಲ್ಲ. ರೋಲ್ ಹಾಕಿ ನೋಡಿಲ್ಲ. ಶಟರ್ ಪರದೆ: ______. ಮೀಟರ್: ______. ಫೋಮ್: ______. ಲೆನ್ಸ್ ಒಳಗೆ: ______, ಟಾರ್ಚ್ ಫೋಟೊ ಇದೆ. ಇತ್ತೀಚೆಗೆ ಸರ್ವಿಸ್ ಆಗಿಲ್ಲ. ಬೆಲೆ 22,000, ಸ್ವಲ್ಪ ಮಾತಾಡಬಹುದು. ಶಿರಸಿಗೆ ಬಂದು ರೋಲ್ ಹಾಕಿ ನೋಡಿ ಕೊಳ್ಳಬಹುದು. ಕೊರಿಯರ್ ಖರ್ಚು ಕೊಳ್ಳುವವರದು.”

“ಪಕ್ಕಾ ಕಂಡೀಶನ್”, “ಹೊಸದರ ಹಾಗಿದೆ” ಅನ್ನುವ ಮಾತು ಸೇರಿಸಬೇಡಿ. ಸೀರಿಯಲ್ ನಂಬರಿನ ಕೊನೆಯ ಮೂರು ಅಂಕಿ ಮುಚ್ಚಿ ಫೋಟೊ ಹಾಕಿ, ಖಾತ್ರಿ ಕೊಳ್ಳುವವರಿಗೆ ಮಾತ್ರ ಪೂರ್ತಿ ಕೊಡಿ. ಪರದೆ ಮತ್ತು ಟಾರ್ಚ್ ಫೋಟೊ ತೆಗೆದು ಇಲ್ಲೇ ಹಾಕಿ, ಖಾಲಿ ಬಿಟ್ಟ ಜಾಗಗಳಿಗೆ ಏನು ಬರೆಯುವುದು ಅಂತ ಹೇಳುತ್ತೇನೆ.