ಕ್ಲಬ್ ವೆಬ್‌ಸೈಟ್ ಒಪ್ಪಿಸುವಾಗ ಮೊದಲು ಡೊಮೇನ್ ನೋಡಿ

"ನಮ್ಮ ಚಾರಣ ಕ್ಲಬ್‌ನ .org ವೆಬ್‌ಸೈಟನ್ನು ಮುಂದಿನ ತಿಂಗಳು ಬೇರೆಯವರಿಗೆ ಒಪ್ಪಿಸ್ತಿದ್ದೀನಿ. ಪಾಸ್‌ವರ್ಡ್‌ಗಳನ್ನು ಬರೆದು ಕೊಟ್ರೆ ಸಾಕಾ?"

ಸಾಲದು. ಡೊಮೇನ್ ಖಾತೆ ನಿಮ್ಮ ಸ್ವಂತ ಇಮೇಲ್‌ನಲ್ಲಿದ್ದು, ಒಟಿಪಿ ನಿಮ್ಮ ಫೋನಿಗೇ ಬರುತ್ತಿದ್ದರೆ, ಪಾಸ್‌ವರ್ಡ್ ಇದ್ದರೂ ಹೊಸಬರು ಒಳಗೆ ಹೋಗಲು ಆಗುವುದಿಲ್ಲ. ಅದನ್ನು ಕ್ಲಬ್‌ನ ಇಮೇಲ್‌ಗೆ ಬದಲಾಯಿಸಿ. ಆ ಇಮೇಲ್ ಮಾತ್ರ ಇದೇ ಡೊಮೇನಿನದು ಆಗಿರಬಾರದು. ಅವಧಿ ಮುಗಿದರೆ ಸೈಟಿನ ಜೊತೆ ಇಮೇಲ್ ಕೂಡ ನಿಲ್ಲುತ್ತದೆ, ಆಗ ಪಾಸ್‌ವರ್ಡ್ ಬದಲಿಸುವ ದಾರಿಯೂ ಇರುವುದಿಲ್ಲ. ಸುಮ್ನೆ ಒಂದು ಜಿಮೇಲ್ ಸಾಕು.

.org ನವೀಕರಣದ ನೆನಪೋಲೆ ಸುಮಾರು ಒಂದು ತಿಂಗಳು, ಮತ್ತೆ ಒಂದು ವಾರ ಮೊದಲು ಆ ಇಮೇಲ್‌ಗೇ ಬರುತ್ತದೆ. ಹಾಗಾಗಿ ಕೊನೆಯ ದಿನಾಂಕ, ಮೊತ್ತ, ಯಾರ ಕಾರ್ಡ್, ಆ ಕಾರ್ಡ್ ಯಾವಾಗ ಮುಗಿಯುತ್ತದೆ, ಇಷ್ಟನ್ನೂ ಬರೆಯಿರಿ. ಆಟೋ-ರಿನ್ಯೂ ಹಾಕಿದ್ದರೂ ಹಳೆಯ ಖಜಾಂಚಿಯ ಕಾರ್ಡ್ ಮುಗಿದಿದ್ದರೆ ಹಣ ಹೋಗುವುದಿಲ್ಲ, ಅಲ್ವಾ? ಡೊಮೇನ್ ಅಳಿಸಿಹೋದ ಮೇಲೂ ವಾಪಸ್ ಪಡೆಯಲು 30 ದಿನ ಇರುತ್ತದೆ, ಆದರೆ ಶುಲ್ಕ ತುಂಬಾ ಜಾಸ್ತಿ.

ಪಾಸ್‌ವರ್ಡ್‌ಗಳನ್ನು ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿಟ್ಟು, ಟಿಪ್ಪಣಿಯಲ್ಲಿ ಎಲ್ಲಿದೆ ಅಂತ ಮಾತ್ರ ಬರೆಯಿರಿ.

ದಿನನಿತ್ಯದ ಕೆಲಸದಲ್ಲಿ ಒಂದೇ ಕ್ರಮ ಮುಖ್ಯ: ಮೊದಲು ಬ್ಯಾಕಪ್, ಆಮೇಲೆ ಪ್ಲಗಿನ್ ಅಪ್‌ಡೇಟ್. ಒಪ್ಪಿಸುವ ದಿನ ನೀವು ಪಕ್ಕದಲ್ಲಿ ಕೂತು, ಎಲ್ಲ ಲಾಗಿನ್‌ಗಳನ್ನೂ ಅವರ ಲ್ಯಾಪ್‌ಟಾಪ್‌ನಿಂದಲೇ ಮಾಡಿಸಿ. ಒಟಿಪಿ ಇನ್ನೂ ನಿಮಗೆ ಬರುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ.